VID_20210614_101523: ಒಂದು ಪಾಠದ ಹೆಸರು ರಿಪೇರಿ ಮಾಡಿದ ಕಥೆ

ನಾನು ಹಾವೇರಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. 2021ರ ಜೂನ್‌ನಲ್ಲಿ ಶಾಲೆ ಮುಚ್ಚಿತ್ತು. ಪಡಸಾಲೆಯ ಗೋಡೆಗೆ ಬೋರ್ಡ್ ಒರಗಿಸಿ, ಜೋಳದ ಡಬ್ಬಿ ಮೇಲೆ ಎರಡು ಪುಸ್ತಕ ಇಟ್ಟು, ಅದರ ಮೇಲೆ ಫೋನ್ ನಿಲ್ಲಿಸಿ ಒಂದೊಂದೇ ಪಾಠ ರೆಕಾರ್ಡ್ ಮಾಡಿದೆ. ಹಿಂದಿನ ಮನೆಯ ಕೋಳಿ ಕೂಗುವುದರೊಳಗೆ ಮುಗಿಸಬೇಕು, ಇಲ್ಲದಿದ್ದರೆ ಮತ್ತೆ ಮೊದಲಿಂದ. ಹಾಗೆ 41 ವಿಡಿಯೋ ಆದವು. ಯೂಟ್ಯೂಬಿಗೆ ಹಾಕಿದೆ, ಲಿಂಕನ್ನು ಮಕ್ಕಳ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಕೆಲಸ ಮುಗೀತು ಅಂದುಕೊಂಡೆ.

ಆಗಸ್ಟ್ 23ಕ್ಕೆ ಹೈಸ್ಕೂಲು ಶುರುವಾಯಿತು. ಸೆಪ್ಟೆಂಬರಿನಲ್ಲಿ ಒಂದು ದಿನ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಸಮಾಂತರ ಶ್ರೇಢಿಯ ಲೆಕ್ಕವನ್ನು ನಾನು ಹೇಳದ ರೀತಿಯಲ್ಲಿ ಮಾಡಿಕೊಂಡು ಬಂದಳು. ಲೆಕ್ಕ ಸರಿಯಾಗೇ ಇತ್ತು. ಎಲ್ಲಿ ನೋಡಿದೆ ಅಂತ ಕೇಳಿದರೆ, ಬೇರೆ ಯಾರೋ ಸರ್ ವಿಡಿಯೋ ಅಂದಳು. "ಯಾಕ ಬೇ, ನಂದು ಐತಲ್ಲ?" ಅಂದೆ.

"ಎಷ್ಟ್ ಹುಡುಕಿದ್ರೂ ನಿಮ್ದು ಸಿಗವಲ್ದ್ರಿ ಟೀಚರ್. ಲಿಂಕ್ ಎಲ್ಲೋ ಮ್ಯಾಲೆ ಹೋಗೇತಿ."

ವಾಟ್ಸಾಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಹೂವುಗಳ ಅಡಿಯಲ್ಲಿ ನನ್ನ ಲಿಂಕ್ ಹೂತುಹೋಗಿತ್ತು. ಅವಳು ಯೂಟ್ಯೂಬಿನಲ್ಲಿ ಹುಡುಕಿದ್ದಾಳೆ, ಸಿಕ್ಕಿಲ್ಲ. ನನ್ನ ಕ್ಲಾಸಿನ ಹುಡುಗಿಗೇ ನನ್ನ ಪಾಠ ಸಿಗುವುದಿಲ್ಲ! ಅವತ್ತು ರಾತ್ರಿ ಹಳೆಯ ಹಾಜರಿ ಪುಸ್ತಕವೊಂದರ ಹಿಂದಿನ ಹಾಳೆಯಲ್ಲಿ ಈ ರಿಪೇರಿಯ ಲೆಕ್ಕ ಬರೆಯಲು ಶುರು ಮಾಡಿದೆ. ಕೆಳಗಿನದೆಲ್ಲ ಅದರಿಂದ ತೆಗೆದದ್ದು.

ಮೊದಲು ಕೆಟ್ಟಿರುವುದು ಎಲ್ಲಿ ಅಂತ ನೋಡಬೇಕಲ್ವಾ. ಯೂಟ್ಯೂಬ್ ಸ್ಟುಡಿಯೋ ಆ್ಯಪ್ ಹಾಕಿಕೊಂಡೆ. ಒಂದು ವಿಡಿಯೋ ತೆರೆದು ಅನಾಲಿಟಿಕ್ಸ್‌ಗೆ ಹೋದರೆ, ನೋಡಿದವರು ಯಾವ ದಾರಿಯಿಂದ ಬಂದರು ಅಂತ ತೋರಿಸುತ್ತದೆ. ಶ್ರೇಢಿಯ ಮೊತ್ತದ ಪಾಠಕ್ಕೆ ಮೂರು ತಿಂಗಳಲ್ಲಿ 19 ವೀಕ್ಷಣೆ. ಹತ್ತೊಂಬತ್ತೂ `External` ಅನ್ನುವುದರ ಕೆಳಗೆ, ಅಂದರೆ ಹೊರಗಿನಿಂದ, ವಾಟ್ಸಾಪ್ ಲಿಂಕ್ ಒತ್ತಿ ಬಂದವರು. `YouTube search` ಮುಂದೆ ಸೊನ್ನೆ. ಇಂಪ್ರೆಷನ್ ಅಂತ ಇನ್ನೊಂದು ಸಂಖ್ಯೆ ಇದೆ. ವಿಡಿಯೋದ ಚಿಕ್ಕ ಚಿತ್ರ ಯೂಟ್ಯೂಬಿನ ಒಳಗೇ ಯಾರದಾದರೂ ಪರದೆಯ ಮೇಲೆ ಅರ್ಧಕ್ಕಿಂತ ಕಮ್ಮಿಯಿಲ್ಲದಷ್ಟು ಕಾಣುತ್ತಾ ಒಂದು ಸೆಕೆಂಡಿಗಿಂತ ಹೆಚ್ಚು ನಿಂತರೆ ಅದು ಒಂದು ಇಂಪ್ರೆಷನ್. ವಾಟ್ಸಾಪಿನಲ್ಲಿ ಕಂಡದ್ದು ಅದರಲ್ಲಿ ಸೇರುವುದಿಲ್ಲ. ನನ್ನದು ಬರೀ 8.

ಇದನ್ನು ನೋಡಿದ ಮೇಲೆ ಒಂದು ವಿಷಯ ಗೊತ್ತಾಯಿತು. ಜನ ನನ್ನ ಪಾಠವನ್ನು ನೋಡಿ ಬೇಡ ಅಂದಿರಲಿಲ್ಲ, ಅವರ ಕಣ್ಣಿಗೇ ಬಿದ್ದಿರಲಿಲ್ಲ. ಈ ಎರಡಕ್ಕೂ ಮದ್ದು ಬೇರೆ. ಕಾಣಿಸಿಯೂ ಯಾರೂ ಒತ್ತದಿದ್ದರೆ ಚಿತ್ರವನ್ನೋ ಹೆಸರಿನ ಧಾಟಿಯನ್ನೋ ಸರಿಮಾಡಬೇಕು. ಕಾಣಿಸಿಯೇ ಇಲ್ಲ ಅಂದರೆ, ಜನ ಹುಡುಕುವ ಮಾತಿಗೂ ನಾನು ಇಟ್ಟ ಹೆಸರಿಗೂ ಸಂಬಂಧವೇ ಇಲ್ಲ ಅಂತ ಅರ್ಥ.

ಹೆಸರುಗಳ ಪಟ್ಟಿ ತೆಗೆದು ನೋಡಿದೆ. ನಾಚಿಕೆಯಾಯಿತು.

```
VID_20210614_101523
VID_20210616_094807
ಭಾಗ 2
ಮಕ್ಕಳೇ ತಪ್ಪದೇ ನೋಡಿ
10£ÉÃ vÀgÀUÀw UÀtÂvÀ
```

ಮೊದಲಿನವು ಫೋನೇ ಇಟ್ಟ ಹೆಸರು. ಯೂಟ್ಯೂಬಿಗೆ ಹಾಕುವಾಗ ಶೀರ್ಷಿಕೆಯ ಜಾಗದಲ್ಲಿ ಫೈಲಿನ ಹೆಸರು ತಾನಾಗೇ ಬಂದು ಕೂರುತ್ತದೆ. ನಾನು ಅವಸರದಲ್ಲಿ ಮುಂದೆ ಮುಂದೆ ಒತ್ತಿದ್ದೆ. "ಭಾಗ 2" ಅನ್ನುವುದು ನನಗೆ ಗೊತ್ತು, ಯಾತರ ಭಾಗ ಅಂತ. ಬೇರೆಯವರಿಗೆ ಹೇಗೆ ಗೊತ್ತಾಗಬೇಕು?

ಕೊನೆಯದರ ಕಥೆ ಸ್ವಲ್ಪ ಉದ್ದ. ಅಂಥವು ಒಂಬತ್ತು ಇದ್ದವು. ಹಳ್ಳಿಯಲ್ಲಿ ನೆಟ್ ಸಿಗದೆ, ಪೆನ್‌ಡ್ರೈವ್ ಒಯ್ದು ತಾಲ್ಲೂಕಿನ ಒಂದು ಡಿಟಿಪಿ ಅಂಗಡಿಯಲ್ಲಿ ಹಾಕಿಸಿದ್ದೆ. ಅಂಗಡಿಯ ಹುಡುಗ ನನ್ನ ಪ್ರಶ್ನೆಪತ್ರಿಕೆಯ ಫೈಲಿನಿಂದ ತಲೆಬರಹವನ್ನು ಕಾಪಿ ಮಾಡಿ ಹಾಕಿದ್ದ. ಆ ಫೈಲು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು, ಹಳೆಯ ಆಸ್ಕಿ ಫಾಂಟಿನಲ್ಲಿ. ಅದರಲ್ಲಿ "ಕನ್ನಡ" ಅಂತ ಕಾಣುವುದು ನಿಜವಾಗಿ `PÀ£ÀßqÀ` ಅಂತ ಇರುತ್ತದೆ. ಒಳಗೆ ಇಂಗ್ಲಿಷ್ ಚಿಹ್ನೆಗಳು, ಮೇಲೆ ನುಡಿ ಫಾಂಟು ಕನ್ನಡದ ವೇಷ ಹಾಕಿರುತ್ತದೆ. ಯೂಟ್ಯೂಬಿನ ಶೀರ್ಷಿಕೆಗೆ ಆ ಫಾಂಟು ಇಲ್ಲ, ವೇಷ ಕಳಚಿತು. ಫೋನಿನಲ್ಲಿ ಹಾಗೆ ಕಂಡಾಗ ನಾನು, ನನ್ನ ಫೋನಿಗೆ ಕನ್ನಡ ಸರಿಯಾಗಿ ಬರುವುದಿಲ್ಲ ಅಂತ ಸುಮ್ನೆ ಇದ್ದೆ. ತಪ್ಪು ಫೋನಿನದಲ್ಲ. `£ÉÃ vÀgÀUÀw` ಅಂತ ಹುಡುಕುವ ಮಗು ಲೋಕದಲ್ಲಿ ಇಲ್ಲ. ನುಡಿಯಲ್ಲೇ ಆಸ್ಕಿಯಿಂದ, ಎಲ್ಲ ಕಡೆ ಕನ್ನಡವಾಗೇ ಉಳಿಯುವ ಯುನಿಕೋಡಿಗೆ ಬದಲಿಸುವ ಸೌಲಭ್ಯ ಇದೆ, ಪ್ರಶ್ನೆಪತ್ರಿಕೆಗಳನ್ನೆಲ್ಲ ಅದರಲ್ಲಿ ಬದಲಿಸಿಟ್ಟುಕೊಂಡೆ. ಆದರೆ ಬರೀ ಒಂಬತ್ತು ಶೀರ್ಷಿಕೆಗೆ ಅಷ್ಟೆಲ್ಲ ಬೇಡ, ಫೋನಿನ ಕನ್ನಡ ಕೀಬೋರ್ಡಿನಲ್ಲಿ ಮತ್ತೆ ಟೈಪ್ ಮಾಡುವುದು ಬೇಗ. ಫೋನಿನ ಕೀಬೋರ್ಡು ಬರೆಯುವುದು ಯುನಿಕೋಡೇ.

ಮೊದಲ ರಿಪೇರಿ ಮಾಡಿದ್ದು ಒಂದು ಭಾನುವಾರ, ಅದೂ ತಪ್ಪಾಗಿ. ಮೇಷ್ಟರ ಬುದ್ಧಿ ನೋಡಿ, 41ಕ್ಕೂ ಒಂದೇ ಅಚ್ಚಿನ ಶೀರ್ಷಿಕೆ ಹಾಕಿದೆ: "ಕರ್ನಾಟಕ ರಾಜ್ಯ ಪಠ್ಯಕ್ರಮ ಹತ್ತನೇ ತರಗತಿ ಗಣಿತ ಅಧ್ಯಾಯ 1 ಸಮಾಂತರ ಶ್ರೇಢಿಗಳು ಅಭ್ಯಾಸ..." ಅಂತ ಶುರುವಾಗಿ ಮುಂದೆ ಹೋಗುತ್ತಿತ್ತು. ಹೋಗುತ್ತಿತ್ತು ಅಂದರೆ, ಹೋಗಲಿಲ್ಲ. ಶೀರ್ಷಿಕೆಗೆ 100ರ ಮಿತಿ. ಕನ್ನಡದಲ್ಲಿ ಆ 100 ಬೇಗ ಖಾಲಿಯಾಗುತ್ತದೆ. "ಸಮಾಂತರ ಶ್ರೇಢಿ" ಅನ್ನುವುದನ್ನು ನಾವು ಆರು ಅಕ್ಷರ ಅಂತ ಎಣಿಸುತ್ತೇವೆ. ಯೂಟ್ಯೂಬ್ ಎಣಿಸುವುದು 13. ಶ್ರೇ ಅನ್ನುವ ಒಂದೇ ಅಕ್ಷರಕ್ಕೆ ಶ, ವಿರಾಮ, ರ, ಏತ್ವ ಅಂತ ನಾಲ್ಕು ಲೆಕ್ಕ. ನಡುವಿನ ಖಾಲಿ ಜಾಗಕ್ಕೂ ಒಂದು. ಒತ್ತಕ್ಷರ ಜಾಸ್ತಿ ಇದ್ದಷ್ಟೂ ಜಾಗ ಕಮ್ಮಿ.

ಅದಕ್ಕಿಂತ ದೊಡ್ಡ ತಪ್ಪು ಫೋನ್ ಕೈಗೆ ತೆಗೆದುಕೊಂಡಾಗ ಕಂಡಿತು. ಪಟ್ಟಿಯಲ್ಲಿ ಶೀರ್ಷಿಕೆಯ ಎರಡು ಸಾಲು ಕಾಣುತ್ತದೆ, ಆಮೇಲೆ ಮೂರು ಚುಕ್ಕಿ. ನನ್ನ 41 ವಿಡಿಯೋಗಳ ಮೊದಲ ಎರಡು ಸಾಲು ಹೆಚ್ಚುಕಮ್ಮಿ ಒಂದೇ ಥರ. ಸಂತೆಯಲ್ಲಿ 41 ಚೀಲಕ್ಕೂ "ಧಾನ್ಯ" ಅಂತ ಬರೆದ ಹಾಗೆ. ಯಾವುದರಲ್ಲಿ ಹೆಸರುಕಾಳು, ಯಾವುದರಲ್ಲಿ ಕಡಲೆ ಅಂತ ಬಿಚ್ಚಿಯೇ ನೋಡಬೇಕು. ಎರಡು ವಾರ ಕಾದೆ. ಹುಡುಕಾಟದಿಂದ ಬಂದವರು ಮೂರು ಜನ. ಸೊನ್ನೆಗಿಂತ ವಾಸಿ ಅಷ್ಟೇ.

ಆಗ ತಲೆಗೆ ಹೊಳೆದದ್ದು ಮಕ್ಕಳನ್ನೇ ಕೇಳುವುದು. ಕೇಳುವುದು ಅಂದರೆ, ನೀವು ಹೇಗೆ ಹುಡುಕುತ್ತೀರಿ ಅಂತ ಬಾಯಿಮಾತಲ್ಲಿ ಕೇಳಬಾರದು. ಕೇಳಿದರೆ ಟೀಚರಿಗೆ ಇಷ್ಟವಾಗುವ ಉತ್ತರ ಕೊಡುತ್ತಾರೆ. ಐದು ಮಕ್ಕಳನ್ನು ಒಬ್ಬೊಬ್ಬರಾಗಿ ಸ್ಟಾಫ್ ರೂಮಿಗೆ ಕರೆದು, ಕೈಗೆ ಫೋನ್ ಕೊಟ್ಟು, "ಮೊನ್ನೆ ಶ್ರೇಢಿಯ ಮೊತ್ತದ್ದು ಒಂದು ಲೆಕ್ಕ ಮಾಡಿದ್ವಲ್ಲ, d 7 ಇತ್ತು, 22ನೇ ಪದ 149. ಅದು ಮರೆತಿದೆ ಅಂದ್ಕೊಳ್ರಿ, ಹುಡುಕ್ರಿ" ಅಂದೆ. ಪಕ್ಕದಲ್ಲಿ ಕೂತು, ಬಾಯಿ ಬಿಡದೆ, ಬೆರಳು ಏನು ಒತ್ತುತ್ತದೆ ಅಂತ ಬರೆದುಕೊಂಡೆ.

```
10th maths kannada ap
samantara shredi sum
ಸಮಾಂತರ ಶ್ರೇಡಿ ಲೆಕ್ಕ
sslc maths chapter 1 exercise 1.3 kannada
ಹತ್ತನೇ ಕ್ಲಾಸ್ ಮ್ಯಾಥ್ಸ್ ಸಮಾಂತರ ಶ್ರೇಣಿ
```

ಕೊನೆಯದು ಮೈಕ್ ಒತ್ತಿ ಮಾತಾಡಿ ಹುಡುಕಿದ್ದು, ಆ ಹುಡುಗ ಟೈಪೇ ಮಾಡುವುದಿಲ್ಲ. ಈ ಐದು ಸಾಲನ್ನು ನಾನು ಬಹಳ ಹೊತ್ತು ನೋಡುತ್ತಾ ಕೂತೆ. ಯಾರೂ "ಗಣಿತ" ಅಂದಿಲ್ಲ. ಯಾರೂ "ತರಗತಿ" ಅಂದಿಲ್ಲ, "ಪಠ್ಯಕ್ರಮ"ವಂತೂ ದೂರದ ಮಾತು. ಕನ್ನಡ ಮಾಧ್ಯಮದ ಮಕ್ಕಳೇ, ಆದರೆ ಮೂವರು ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದರು, ಒಬ್ಬರಿಗಂತೂ ಸಮಾಂತರ ಶ್ರೇಢಿ ಅಂದರೆ ಬರೀ ap. ಶ್ರೇಢಿಯ ಢ ಒಬ್ಬರ ಕೈಗೂ ಬರಲಿಲ್ಲ. ಒಬ್ಬಳು ಶ್ರೇಡಿ, ಇನ್ನೊಬ್ಬನ ಫೋನು ಕೇಳಿಸಿಕೊಂಡದ್ದು ಶ್ರೇಣಿ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಢ ಬರೆದು ಬರೆದು ನನ್ನ ಸೀಮೆಸುಣ್ಣ ಸವೆದಿದೆ, ಇರಲಿ.

ಇದರಿಂದ ಎರಡನೇ ರಿಪೇರಿ. ಈ ಸಲ ಎಲ್ಲಕ್ಕೂ ಕೈ ಹಾಕಲಿಲ್ಲ, ಒಂದನ್ನೇ ಮಾಡಿದೆ. ಆ VID_20210614_101523.

```
ಸಮಾಂತರ ಶ್ರೇಢಿ: ಮೊದಲ n ಪದಗಳ ಮೊತ್ತ | AP sum | 10th Maths Kannada Medium
```

ಲೆಕ್ಕ ಹಾಕಿದರೆ 69, ಮಿತಿಯೊಳಗೆ ಇದೆ. ಮುಂದೆ ಇರುವುದು ಈ ಪಾಠಕ್ಕೆ ಮಾತ್ರ ಸೇರಿದ ಮಾತು, ಎರಡು ಸಾಲಿನೊಳಗೆ ಕಾಣುತ್ತದೆ. ಎಲ್ಲ ಪಾಠಕ್ಕೂ ಒಂದೇ ಆಗಿರುವ "10th Maths Kannada Medium" ಹಿಂದಕ್ಕೆ ಹೋಯಿತು. ಅದು ಚುಕ್ಕಿಯಲ್ಲಿ ಮುಚ್ಚಿಹೋದರೂ ಹುಡುಕಾಟಕ್ಕೆ ಸಿಗುತ್ತದೆ, ಓದುವವರಿಗೆ ಮಾತ್ರ ಕಾಣುವುದಿಲ್ಲ. ಸರಿಯಾದ ಕಾಗುಣಿತ ಶೀರ್ಷಿಕೆಯಲ್ಲೇ ಉಳಿಸಿದೆ, ಟೀಚರಾಗಿ ಅಲ್ಲಿ ಶ್ರೇಡಿ ಅಂತ ಬರೆಯಲು ಕೈ ಬರಲಿಲ್ಲ. ತಪ್ಪು ಕಾಗುಣಿತಗಳು ಮತ್ತು `samantara shredi` ವಿಡಿಯೋ ಜೊತೆ ಕಾಣದಂತೆ ಸೇರಿಸುವ ಪದಗಳಿಗೆ, ಅಂದರೆ ಟ್ಯಾಗಿಗೆ ಹೋದವು. ಟ್ಯಾಗಿನಿಂದ ದೊಡ್ಡ ಉಪಯೋಗವೇನೂ ಇಲ್ಲ, ಯೂಟ್ಯೂಬೇ ಹಾಗೆ ಹೇಳುತ್ತದೆ. ಜನ ಸಾಮಾನ್ಯವಾಗಿ ತಪ್ಪಾಗಿ ಬರೆಯುವ ಪದಗಳಿಗೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ನನಗೆ ಬೇಕಾಗಿದ್ದೂ ಅಷ್ಟೇ.

ಒಂದು ಮಾತು, ವಿಡಿಯೋವನ್ನು ಅಳಿಸಿ ಹೊಸ ಹೆಸರಲ್ಲಿ ಮತ್ತೆ ಹಾಕಬೇಡಿ. ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ಹಾಗೆ ಮಾಡಿ, ಹಳೆಯ ಲಿಂಕುಗಳೆಲ್ಲ ಸತ್ತವು, ವೀಕ್ಷಣೆಯೂ ಸೊನ್ನೆಗೆ ಬಂತು. ಸ್ಟುಡಿಯೋದಲ್ಲಿ ಪೆನ್ಸಿಲ್ ಗುರುತು ಒತ್ತಿ ಹೆಸರು ಮಾತ್ರ ಬದಲಿಸಿದರೆ ಲಿಂಕ್ ಅದೇ ಇರುತ್ತದೆ.

ನಂಬರಿನ ವಿಷಯದಲ್ಲಿ ಇನ್ನೊಂದು ಪಾಠ ಕಲಿತೆ. ನಾಲ್ಕನೇ ಹುಡುಗಿ "chapter 1 exercise 1.3" ಅಂತ ಹುಡುಕಿದ್ದಳಲ್ಲ, ಅದಕ್ಕೇ ಬೇರೆ ಎರಡು ವಿಡಿಯೋಗೆ ನಂಬರನ್ನೇ ಮುಂದೆ ಇಟ್ಟು ನೋಡಿದೆ: "Chapter 1 Exercise 1.2 10th Maths Kannada". ಇಂಪ್ರೆಷನ್ ಏರಿತು, ಒತ್ತಿದವರೂ ಬಂದರು. ಆದರೆ ಎಷ್ಟು ಹೊತ್ತು ನೋಡಿದರು ಅಂತ ತೋರಿಸುವ ಗೆರೆ ಇದೆಯಲ್ಲ, ಅದು ಮೊದಲ ಅರ್ಧ ನಿಮಿಷದಲ್ಲೇ ಬಾವಿಗೆ ಬಿದ್ದಂತೆ ಬಿದ್ದಿತ್ತು. ಏನು ಹುಡುಕಿ ಬಂದರು ಅನ್ನುವ ಪಟ್ಟಿ ತೆಗೆದೆ. ಅದರಲ್ಲಿ `real numbers chapter 1 kannada` ಅಂತ ಇತ್ತು. ಆಗ ಗೊತ್ತಾಯಿತು. ಆಗಿನ ನಮ್ಮ ರಾಜ್ಯದ ಪುಸ್ತಕದಲ್ಲಿ ಮೊದಲ ಅಧ್ಯಾಯ ಸಮಾಂತರ ಶ್ರೇಢಿ. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಮೊದಲನೇದು ವಾಸ್ತವ ಸಂಖ್ಯೆಗಳು, ಶ್ರೇಢಿ ಐದನೇದು. ಅದೇ ಲೆಕ್ಕ ನಮ್ಮಲ್ಲಿ 1.3, ಅಲ್ಲಿ 5.3. ವಾಸ್ತವ ಸಂಖ್ಯೆ ಬೇಕಾಗಿದ್ದ ಮಗು ನನ್ನ ಶ್ರೇಢಿಯ ಪಾಠಕ್ಕೆ ಬಂದು, ಇದಲ್ಲ ಅಂತ ಹೋಗಿದೆ. ಪಾಪ, ಅದರ ನೆಟ್ ದುಡ್ಡು ದಂಡ. ಅವತ್ತಿಂದ ಪಾಠದ ಹೆಸರು ಮುಂದೆ, ಅಭ್ಯಾಸದ ನಂಬರು ವಿವರಣೆಯಲ್ಲಿ, ಅದೂ ಯಾವ ಪುಸ್ತಕದ್ದು ಅಂತ ಹೇಳಿ. ಪುಸ್ತಕದಲ್ಲಿ ಅಧ್ಯಾಯದ ಕ್ರಮ ಬದಲಾದರೂ ಶ್ರೇಢಿ ಶ್ರೇಢಿಯೇ.

ಆಸೆಗೆ ಬಿದ್ದು ಇನ್ನೊಂದು ಕಿತಾಪತಿಯೂ ಮಾಡಿದೆ, ಮುಚ್ಚಿಡುವುದು ಯಾಕೆ. "ಈ ಲೆಕ್ಕ ಪರೀಕ್ಷೆಗೆ ಬಂದೇ ಬರುತ್ತೆ!!" ಅಂತ ತ್ರಿಭುಜದ ಪಾಠವೊಂದಕ್ಕೆ ಹೆಸರಿಟ್ಟೆ. ವಾರದಲ್ಲಿ ಬೇರೆ ಯಾವುದಕ್ಕೂ ಬರದಷ್ಟು ಜನ ಒತ್ತಿದರು. ಒಳಗೆ ನಾನು ಥೇಲ್ಸ್ ಪ್ರಮೇಯವನ್ನು ನಿಧಾನಕ್ಕೆ ಸಾಧಿಸುತ್ತಾ ನಿಂತಿದ್ದೇನೆ, 26 ನಿಮಿಷ. ಸರಾಸರಿ ನೋಡಿದ್ದು 40 ಸೆಕೆಂಡ್. ನಾನೇ ಪರೀಕ್ಷೆಯ ಪತ್ರಿಕೆ ತೆಗೆಯುವವಳಲ್ಲ, ಬಂದೇ ಬರುತ್ತೆ ಅನ್ನಲು ನಾನ್ಯಾರು? ಹೆಸರು ತೆಗೆದು "ಥೇಲ್ಸ್ ಪ್ರಮೇಯ: ಸಾಧನೆ ಹಂತ ಹಂತವಾಗಿ" ಅಂತ ಮಾಡಿದೆ. ಒತ್ತುವವರು ಕಮ್ಮಿಯಾದರು. ನೋಡುವವರು ಏಳೆಂಟು ನಿಮಿಷ ಕೂತರು.

ಈಗ ಆ ಮೊತ್ತದ ಪಾಠಕ್ಕೆ ಬರೋಣ. ಅದು 38 ನಿಮಿಷದ್ದು, ಒಳಗೆ ಬಹಳ ಲೆಕ್ಕಗಳಿವೆ. ಹೊರಗಿನ ಹೆಸರು ಸರಿಯಾದರೂ, ಆ 149ರ ಲೆಕ್ಕ ಬೇಕಾದ ಹುಡುಗಿ 38 ನಿಮಿಷ ಎಳೆದಾಡಿಕೊಂಡು ಹುಡುಕಬೇಕಾ? ಒಳಗೂ ಹೆಸರು ಬೇಕು. ವಿವರಣೆಯಲ್ಲಿ ಸಮಯ ಬರೆದರೆ ವಿಡಿಯೋದ ಗೆರೆಯೇ ತುಂಡುತುಂಡಾಗಿ ಭಾಗವಾಗುತ್ತದೆ. ಮೊದಲ ಸಾಲು 0:00ರಿಂದಲೇ ಶುರುವಾಗಬೇಕು, ಕಮ್ಮಿ ಅಂದರೂ ಮೂರು ಭಾಗ ಇರಬೇಕು, ಪ್ರತಿಯೊಂದೂ 10 ಸೆಕೆಂಡಿಗಿಂತ ಚಿಕ್ಕದಿರಬಾರದು. ನಾನು ಮೊದಲ ಸಲ 0:45ರಿಂದ ಶುರು ಮಾಡಿದ್ದೆ, ನಮಸ್ಕಾರ ಮಕ್ಕಳೇ ಅನ್ನುವುದಕ್ಕೆಲ್ಲ ಯಾಕೆ ಹೆಸರು ಅಂತ. ಏನೂ ಆಗಲಿಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಸೊನ್ನೆ ಹಾಕಿದೆ, ಬಂತು.

```
0:00 ಮೊತ್ತದ ಸೂತ್ರ ಎಲ್ಲಿಂದ ಬಂತು
9:20 a, d, n ಕೊಟ್ಟಾಗ ಮೊತ್ತ
17:05 d = 7, 22ನೇ ಪದ 149: ಮೊತ್ತ ಎಷ್ಟು?
23:40 ಮೊತ್ತ ಕೊಟ್ಟಾಗ n ಕಂಡುಹಿಡಿಯುವುದು
```

ಮೂರನೇ ಸಾಲಿನಲ್ಲಿ ಲೆಕ್ಕದ ಸಂಖ್ಯೆಗಳನ್ನೇ ಹಾಕಿದ್ದೇನೆ ನೋಡಿ. ಮೊದಲು "ಉದಾಹರಣೆ 3" ಅಂತ ಬರೆದಿದ್ದೆ. ಮಗುವಿನ ಕೈಯಲ್ಲಿರುವುದು ಪುಸ್ತಕ, ಅದರಲ್ಲಿ ಕಾಣುವುದು 7, 22, 149. ಅವೇ ಸಂಖ್ಯೆ ಇಲ್ಲೂ ಕಂಡರೆ ಬೆರಳು ಅಲ್ಲಿಗೇ ಹೋಗುತ್ತದೆ. (ಉತ್ತರ ಬೇಕಾದವರಿಗೆ: 149ರಿಂದ 21 × 7 ಕಳೆದರೆ ಮೊದಲ ಪದ 2. ಆ 2ನ್ನೂ 149ನ್ನೂ ಕೂಡಿ 11ರಿಂದ ಗುಣಿಸಿದರೆ 1661.) ಉತ್ತರವನ್ನು ಹೆಸರಿನಲ್ಲಿ ಬರೆಯಲಿಲ್ಲ. ಬರೆದರೆ ನೋಟ್‌ಬುಕ್ಕಿಗೆ ಅದೊಂದೇ ಇಳಿಯುತ್ತದೆ, ನಮ್ಮ ಮಕ್ಕಳು ನನಗೆ ಗೊತ್ತಿಲ್ವಾ.

ಹೆಸರು ಬದಲಿಸಿ ನಾಲ್ಕು ವಾರ ಮುಟ್ಟಲಿಲ್ಲ. ಇದು ಕಷ್ಟ, ದಿನಾ ಬೆಳಿಗ್ಗೆ ಚಹಾಕ್ಕಿಂತ ಮೊದಲು ಸ್ಟುಡಿಯೋ ತೆರೆಯುವ ಚಟ ಹಿಡಿಯುತ್ತದೆ. ಆದರೆ ಎಂಟು ಇಂಪ್ರೆಷನ್ನಿನಲ್ಲಿ ಒಬ್ಬರು ಒತ್ತಿದರೆ ನೂರಕ್ಕೆ ಹನ್ನೆರಡೂವರೆ ಅಂತ ತೋರಿಸುತ್ತದೆ, ಇಬ್ಬರಾದರೆ ಇಪ್ಪತ್ತೈದು. ಅಷ್ಟು ಚಿಕ್ಕ ಸಂಖ್ಯೆಯಲ್ಲಿ ಶೇಕಡಾವಾರು ನೋಡಿ ಕುಣಿಯುವುದೂ ಬೇಡ, ಅಳುವುದೂ ಬೇಡ ಅಂತ ಸಂಖ್ಯಾಶಾಸ್ತ್ರ ಹೇಳುವವಳಿಗೆ ಬೇರೆಯವರು ಹೇಳಬೇಕಾ. ನಾಲ್ಕು ವಾರದ ಮೇಲೆ ಹಾಜರಿ ಪುಸ್ತಕದಲ್ಲಿ ಬರೆದದ್ದು: ಇಂಪ್ರೆಷನ್ 1,900 ಚಿಲ್ಲರೆ, ಹುಡುಕಾಟದಿಂದ ಬಂದವರು 112. ಒತ್ತಿದವರ ಪ್ರಮಾಣ ಮಾತ್ರ ಚಿಕ್ಕದೇ. ಅದು ಕೆಟ್ಟ ಸುದ್ದಿಯಲ್ಲ. ಮೊದಲು ಎಂಟು ಸಲ ಕಂಡದ್ದು ನನ್ನ ಚಾನೆಲ್ ಗೊತ್ತಿದ್ದವರಿಗೇ ಇರಬೇಕು, ಈಗ ಗುರುತಿಲ್ಲದವರಿಗೂ ಕಾಣುತ್ತಿದೆ. ಅವರಲ್ಲಿ ಎಲ್ಲರೂ ಒತ್ತುವುದಿಲ್ಲ.

ಆಮೇಲೆ ಉಳಿದವನ್ನು ವಾರಕ್ಕೆ ಐದರಂತೆ ಮಾಡಿದೆ. ಎಲ್ಲವೂ ಏಳಲಿಲ್ಲ. "ಪೈಥಾಗೊರಸ್ ಪ್ರಮೇಯ" ಅನ್ನುವುದಕ್ಕೆ ಹೆಸರು ಎಷ್ಟು ತಿದ್ದಿದರೂ ಮೇಲೆ ಬರಲಿಲ್ಲ. ಅದರ ಮೇಲೆ ಕನ್ನಡದಲ್ಲೇ ಸಾಕಷ್ಟು ಒಳ್ಳೆಯ ಪಾಠಗಳಿವೆ, ಜನ ಅವನ್ನು ಪೂರ್ತಿ ನೋಡುತ್ತಾರೆ, ಹುಡುಕಾಟ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಹೆಸರು ಬಾಗಿಲವರೆಗೆ ಕರೆತರುತ್ತದೆ ಅಷ್ಟೇ. ಆದರೆ ಓಜೀವ್ ಎಳೆಯುವುದು, ಸ್ಪರ್ಶಕಗಳ ರಚನೆ, ಇಂಥ ಒಂದೇ ಕೆಲಸದ ಪಾಠಗಳು ಚೆನ್ನಾಗಿ ಸಿಕ್ಕವು. ಆರು ವಿಡಿಯೋಗೆ ಏನು ಮಾಡಿದರೂ ಹೆಸರು ಹೊಳೆಯಲಿಲ್ಲ. ತೆರೆದು ನೋಡಿದರೆ, ಒಂದರಲ್ಲೇ ಮೂರು ಅಧ್ಯಾಯ ಕಲಸಿದ್ದೇನೆ. ಹೆಸರು ಇಡಲಾಗದ್ದು ಪಾಠದ್ದೇ ದೋಷ. ಅವನ್ನು ಹಾಗೇ ಬಿಟ್ಟಿದ್ದೇನೆ, ಬೇಸಿಗೆ ರಜೆಯಲ್ಲಿ ಹೊಸದಾಗಿ ಮಾಡಬೇಕು.

ಡಿಸೆಂಬರಿನಲ್ಲಿ ಅದೇ ಹುಡುಗಿ ಮತ್ತೆ ಬಂದಳು. ಫೋನ್ ಕೊಟ್ಟು, ಹುಡುಕು ಅಂದೆ. `10th maths kannada ap sum` ಅಂತ ಒತ್ತಿದಳು. ಮೂರನೆಯದೇ ನಮ್ಮ ಪಡಸಾಲೆ. 17:05ಕ್ಕೆ ಹೋದಳು, ನೋಡಿದಳು, ಕಣ್ಣು ಸಣ್ಣ ಮಾಡಿ ಫೋನನ್ನು ಹತ್ತಿರ ಹಿಡಿದಳು.

"ಸಿಕ್ತ್ರಿ ಟೀಚರ್. ಆದ್ರ ಬೋರ್ಡ್ ಕಾಣವಲ್ದು, ಟ್ಯೂಬ್‌ಲೈಟ್ ಬರೋಬ್ಬರಿ 149ರ ಮ್ಯಾಲೆ ಹೊಳೀತೈತಿ."